ನಾಲ್ಕು ಊರಿನ ಪಟ್ಟಿ, ಮೂರು ಮೊತ್ತದ ಲೆಕ್ಕ: ಮನೆ ಬಾಡಿಗೆ ಭತ್ಯೆಯ ಒಂದು ಸಣ್ಣ ಇತಿಹಾಸ

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ತೆರಿಗೆ ನಿಯಮ ಇದೆ, ಅದರೊಳಗೆ ನಾಲ್ಕು ಊರಿನ ಹೆಸರಿದ್ದವು. ಬಾಂಬೆ, ಕಲ್ಕತ್ತಾ, ದೆಹಲಿ, ಮದ್ರಾಸ್. ಹೌದು, ನಿಯಮದಲ್ಲಿ 2025ರಲ್ಲೂ ಹಳೇ ಹೆಸರುಗಳೇ ಇದ್ದವು. ಬಾಂಬೆ ಮುಂಬೈ ಆಗಿದ್ದು 1995ರಲ್ಲಿ, ಮದ್ರಾಸ್ ಚೆನ್ನೈ ಆಗಿದ್ದು 1996ರಲ್ಲಿ, ಕಲ್ಕತ್ತಾ ಕೋಲ್ಕತ್ತಾ ಆಗಿದ್ದು 2001ರಲ್ಲಿ. ಊರಿನ ಬೋರ್ಡ್ ಬದಲಾಯ್ತು, ರೈಲಿನ ಬೋರ್ಡ್ ಬದಲಾಯ್ತು, ನಿಯಮ ಮಾತ್ರ ಬದಲಾಗಲಿಲ್ಲ.

ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಇಲ್ಲಿ ಬಾಡಿಗೆ ಮನೆಯಲ್ಲಿದ್ದು ಸಂಬಳಕ್ಕೆ ದುಡಿಯೋ ಎಲ್ಲರಿಗೂ ಇದೊಂದು ಸಿಟ್ಟಿನ ವಿಷಯವಾಗಿತ್ತು. "ಚೆನ್ನೈಯವರಿಗೆ ಶೇ 50, ನಮಗೆ ಶೇ 40, ಇದ್ಯಾವ ನ್ಯಾಯ?" ಅಂತ ಪ್ರತಿ ವರ್ಷ ಜುಲೈ ಬಂದ್ರೆ ನನಗೆ ಮೆಸೇಜ್ ಬರ್ತಿದ್ದವು. 2025ರಲ್ಲಿ ರಿಟರ್ನ್ ಸಲ್ಲಿಸೋಕೆ ಸೆಪ್ಟೆಂಬರ್ 16ರವರೆಗೆ ಸಮಯ ಕೊಟ್ಟಿದ್ರು. ಹಾಗಾಗಿ ಮೆಸೇಜ್‌ಗಳೂ ಸ್ವಲ್ಪ ನಿಧಾನಕ್ಕೆ ಬಂದವು. ಈ ಸಿಟ್ಟು ಎಷ್ಟು ಸರಿ, ಯಾರ ಜೇಬಿಗೆ ಅದರಿಂದ ನಿಜವಾಗಿ ನಷ್ಟ ಆಗ್ತಿತ್ತು, ಈ ನಿಯಮ ಎಲ್ಲಿಂದ ಬಂತು ಅನ್ನೋದನ್ನ ಇವತ್ತು ನೋಡೋಣ.

ಶುರು ಮಾಡೋಣ 1964ರಿಂದ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ, ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ. 1961ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಎರಡೂವರೆ ವರ್ಷ ಆಗಿತ್ತಷ್ಟೆ. ಆ ವರ್ಷದ ಒಂದು ತಿದ್ದುಪಡಿ ಕಾಯ್ದೆ ಮೂಲಕ 10ನೇ ಸೆಕ್ಷನ್‌ಗೆ ಹೊಸ ಉಪವಿಧಿ ಸೇರಿತು, ಸಂಖ್ಯೆ 13ಎ. ಜಾರಿಗೆ ಬಂದ ದಿನ 1964ರ ಅಕ್ಟೋಬರ್ 6. ಅದು ಹೇಳಿದ್ದು ಇಷ್ಟೆ: ಬಾಡಿಗೆ ಕಟ್ಟೋದಕ್ಕೆ ಅಂತಲೇ ಮಾಲೀಕರು ನೌಕರನಿಗೆ ಕೊಡುವ ಭತ್ಯೆಗೆ ಒಂದು ಮಿತಿಯವರೆಗೆ ತೆರಿಗೆ ಇಲ್ಲ. ಮನೆ ಇರುವ ಜಾಗ ಮತ್ತು ಇತರ ವಿಚಾರಗಳನ್ನು ಗಮನಿಸಿ ಆ ಮಿತಿಯನ್ನು ನಿಯಮದಲ್ಲಿ ಬರೆಯಬೇಕು ಅಂದಿತು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಊರಿನ ಪಟ್ಟಿ ಇದ್ದಿದ್ದು ಸಂಸತ್ತು ಪಾಸು ಮಾಡಿದ ಕಾಯ್ದೆಯಲ್ಲಲ್ಲ. 1962ರ ಆದಾಯ ತೆರಿಗೆ ನಿಯಮಗಳಲ್ಲಿ, 2ಎ ಅನ್ನೋ ನಿಯಮದಲ್ಲಿ.

ಆ 2ಎ ನಿಯಮ ಮೂರು ಮೊತ್ತ ಲೆಕ್ಕ ಹಾಕು ಅನ್ನುತ್ತಿತ್ತು. ಒಂದು, ನಿನಗೆ ನಿಜವಾಗಿ ಬಂದ ಎಚ್‌ಆರ್‌ಎ. ಎರಡು, ನೀನು ನಿಜವಾಗಿ ಕಟ್ಟಿದ ಬಾಡಿಗೆಯಲ್ಲಿ ಸಂಬಳದ ಹತ್ತನೇ ಒಂದು ಭಾಗ ಕಳೆದು ಉಳಿದಿದ್ದು. ಮೂರು, ಮನೆ ಆ ನಾಲ್ಕು ಊರಲ್ಲಿದ್ದರೆ ಸಂಬಳದ ಅರ್ಧ, ಬೇರೆ ಎಲ್ಲೇ ಇದ್ದರೂ ಸಂಬಳದ ಐದನೇ ಎರಡು ಭಾಗ, ಅಂದ್ರೆ ಶೇ 40. ಈ ಮೂರರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅಷ್ಟಕ್ಕೆ ಮಾತ್ರ ತೆರಿಗೆ ಇಲ್ಲ.

ಇಲ್ಲಿ "ಸಂಬಳ" ಅಂದ್ರೆ ಕೈಗೆ ಬರೋ ಸಂಬಳ ಅಲ್ಲ. ಆಫರ್ ಲೆಟರ್‌ನಲ್ಲಿ ದೊಡ್ಡದಾಗಿ ಬರೆದ ಸಿಟಿಸಿಯೂ ಅಲ್ಲ. ಮೂಲ ವೇತನ, ಅದರ ಜೊತೆ ಉದ್ಯೋಗದ ಷರತ್ತಿನಲ್ಲಿ ಸೇರಿದ್ದರೆ ತುಟ್ಟಿಭತ್ಯೆ. ಖಾಸಗಿ ಕಂಪನಿಯಲ್ಲಿ ಇರೋರಿಗೆ ಬಹುತೇಕ ಬೇಸಿಕ್ ಒಂದೇ. ಸ್ಪೆಷಲ್ ಅಲೋಯನ್ಸ್ ಎಷ್ಟೇ ದಪ್ಪ ಇದ್ದರೂ ಈ ಲೆಕ್ಕಕ್ಕೆ ಬರಲ್ಲ.

ಈಗ ಪ್ರಶ್ನೆ, ಯಾಕೆ ಮೂರು? ಒಂದೇ ಸಾಕಾಗಿತ್ತಲ್ವಾ? ಒಂದೊಂದು ಮೊತ್ತವೂ ಬೇರೆ ಬೇರೆಯವರನ್ನ ತಡೆಯೋಕೆ ನಿಂತಿದೆ. ಮೊದಲನೇದು ಮಾಲೀಕರು ಕೊಡದೇ ಇದ್ದ ದುಡ್ಡಿಗೆ ರಿಯಾಯಿತಿ ಕೇಳೋದನ್ನ ತಡೆಯುತ್ತೆ. ಎರಡನೇದು ಬಾಡಿಗೆ ಕಡಿಮೆ ಕಟ್ಟಿ ಭತ್ಯೆಯ ದುಡ್ಡು ಉಳಿಸಿಕೊಳ್ಳೋರನ್ನ ತಡೆಯುತ್ತೆ. ಮೂರನೇದು ಸಂಬಳದ ಬಹುಪಾಲನ್ನ ಎಚ್‌ಆರ್‌ಎ ಅಂತ ಹೆಸರು ಬದಲಿಸಿ ತೆರಿಗೆ ತಪ್ಪಿಸೋರನ್ನ ತಡೆಯುತ್ತೆ.

ಎರಡನೇ ಮೊತ್ತದ ಆ ಹತ್ತನೇ ಒಂದು ಭಾಗ ಸ್ವಾರಸ್ಯದ್ದು. ಬ್ರಿಟಿಷರ ಕಾಲದಲ್ಲಿ, 1922ರಲ್ಲಿ, ಸರ್ಕಾರಿ ನೌಕರರಿಗೆ ಅಂತ ಮೂಲ ನಿಯಮಗಳು ಬಂದವು, ಫಂಡಮೆಂಟಲ್ ರೂಲ್ಸ್ ಅಂತಾರೆ. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಇರೋರು ಎಷ್ಟು ಬಾಡಿಗೆ ಕೊಡಬೇಕು ಅನ್ನೋದಕ್ಕೆ ಆ ಪುಸ್ತಕದಲ್ಲಿ ಸಿಗೋ ಮಿತಿಯೂ ವೇತನದ ಶೇ 10. ತೆರಿಗೆ ನಿಯಮದಲ್ಲೂ ಅದೇ ಅಂಕಿ. ಎರಡರ ಹಿಂದೆ ಇರೋ ತರ್ಕ ಒಂದೇ: ದುಡಿಯೋ ಮನುಷ್ಯ ತಲೆ ಮೇಲೊಂದು ಸೂರಿಗೆ ತನ್ನ ಸಂಬಳದ ಹತ್ತನೇ ಒಂದು ಭಾಗವನ್ನ ಹೇಗೂ ಖರ್ಚು ಮಾಡ್ತಾನೆ, ಅದು ಅವನ ಪಾಲು, ಅದಕ್ಕಿಂತ ಹೆಚ್ಚಾದಾಗ ಮಾತ್ರ ಸಹಾಯ. ಇವತ್ತು ಬೆಂಗಳೂರಲ್ಲಿ ಬೇಸಿಕ್‌ನ ಹತ್ತನೇ ಒಂದು ಭಾಗಕ್ಕೆ ಮನೆ ಸಿಕ್ಕಿದೆ ಅಂತ ಯಾರಾದ್ರೂ ಹೇಳಿದ್ರೆ ವಿಳಾಸ ಕಳಿಸಿ, ನಾನೂ ಬರ್ತೀನಿ.

ಮೂರನೇ ಮೊತ್ತದ ನಾಲ್ಕು ಊರು? ಆ ಪಟ್ಟಿಯ ಬೇರು ಸ್ವಾತಂತ್ರ್ಯಕ್ಕಿಂತ ಹಳೇದು. ಕಲ್ಕತ್ತಾ, ಬಾಂಬೆ, ಮದ್ರಾಸ್ ಈ ಮೂರನ್ನು ಬ್ರಿಟಿಷ್ ಕಾನೂನು ಪ್ರೆಸಿಡೆನ್ಸಿ ಪಟ್ಟಣಗಳು ಅಂತ ಬೇರೆಯಾಗಿ ಇಟ್ಟಿತ್ತು. 1909ರಲ್ಲಿ ಈ ಮೂರು ಊರಿನ ದಿವಾಳಿ ಪ್ರಕರಣಗಳಿಗೇ ಅಂತ ಒಂದು ಪ್ರತ್ಯೇಕ ಕಾಯ್ದೆ ಬಂದಿತ್ತು. 1911ರಲ್ಲಿ ರಾಜಧಾನಿಯನ್ನು ದೆಹಲಿಗೆ ಸಾಗಿಸೋದು ಅಂತ ಘೋಷಣೆ ಆಯ್ತು, ಅಲ್ಲಿಗೆ ನಾಲ್ಕು. ದೇಶದ "ದೊಡ್ಡ ಊರು" ಅಂದ ತಕ್ಷಣ ಅಧಿಕಾರಿಗಳ ಮನಸ್ಸಿಗೆ ಬರ್ತಿದ್ದಿದ್ದು ಈ ನಾಲ್ಕೇ. 1961ರ ಜನಗಣತಿಯಲ್ಲಿ ಮದ್ರಾಸಿನ ಜನಸಂಖ್ಯೆ ಸುಮಾರು 17 ಲಕ್ಷ, ಬೆಂಗಳೂರಿನದ್ದು ಸುಮಾರು 12 ಲಕ್ಷ. ಆಗಿನ ಕಣ್ಣಿಗೆ ಇಂಥ ಪಟ್ಟಿ ವಿಚಿತ್ರ ಅನ್ನಿಸುತ್ತಿರಲಿಲ್ಲ. 2011ರ ಜನಗಣತಿಗೆ ಬನ್ನಿ. ಸುತ್ತಲಿನ ಪ್ರದೇಶ ಸೇರಿಸಿ ಚೆನ್ನೈ ಸುಮಾರು 87 ಲಕ್ಷ, ಬೆಂಗಳೂರು ಸುಮಾರು 85 ಲಕ್ಷ. ಅಂತರ ಬಹುತೇಕ ಮುಗಿದಿತ್ತು. ಪಟ್ಟಿ ಅಲ್ಲೇ ಇತ್ತು.

ಜನ ಇದನ್ನ "ಮೆಟ್ರೊ, ನಾನ್ ಮೆಟ್ರೊ" ಅಂತಾರೆ. ಆದ್ರೆ 2ಎ ನಿಯಮದಲ್ಲಿ ಮೆಟ್ರೊ ಅನ್ನೋ ಪದವೇ ಇರಲಿಲ್ಲ, ಊರಿನ ಹೆಸರು ಮಾತ್ರ ಇತ್ತು. ಹಾಗಾಗಿ 2011ರಲ್ಲಿ ನಮ್ಮ ಮೆಟ್ರೊ ರೈಲು ಓಡಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. 10 ಲಕ್ಷ ಜನ ದಾಟಿದ್ರೆ ಮಹಾನಗರ ಪ್ರದೇಶ ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತಲ್ಲ ಅಂತ ಕೆಲವರು ವಾದ ಮಾಡ್ತಾರೆ. ಆ ವ್ಯಾಖ್ಯೆ ನಗರಾಡಳಿತಕ್ಕೆ ಸೇರಿದ್ದು, ಈ ತೆರಿಗೆ ಲೆಕ್ಕಕ್ಕೆ ಅಲ್ಲ.

ಇನ್ನೂ ಒಂದು ತಮಾಷೆ ಇದೆ. ಕೇಂದ್ರ ಸರ್ಕಾರ ತನ್ನ ಸ್ವಂತ ನೌಕರರಿಗೆ ಎಚ್‌ಆರ್‌ಎ ಕೊಡುವಾಗ ಊರುಗಳನ್ನ ಎಕ್ಸ್, ವೈ, ಝಡ್ ಅಂತ ವಿಂಗಡಿಸುತ್ತೆ. ಆರನೇ ವೇತನ ಆಯೋಗದ ನಂತರ ಬಂದ ಪದ್ಧತಿ ಇದು. 50 ಲಕ್ಷಕ್ಕಿಂತ ಹೆಚ್ಚು ಜನ ಇರೋ ಊರು ಎಕ್ಸ್. ಬೆಂಗಳೂರು ಆ ಎಕ್ಸ್ ಗುಂಪಲ್ಲಿದೆ, ಚೆನ್ನೈ ಜೊತೆಗೇ. ಅಂದ್ರೆ ಭತ್ಯೆ ಕೊಡುವಾಗ ಸರ್ಕಾರದ ಒಂದು ಕೈ "ಬೆಂಗಳೂರು ಚೆನ್ನೈಯಷ್ಟೇ ದುಬಾರಿ" ಅನ್ನುತ್ತೆ. ಅದೇ ಭತ್ಯೆಗೆ ತೆರಿಗೆ ಲೆಕ್ಕ ಹಾಕುವಾಗ ಇನ್ನೊಂದು ಕೈ "ಇಲ್ಲ ಇಲ್ಲ, ಬೆಂಗಳೂರು ಬೇರೆ ಸಾಲಿನದು" ಅನ್ನುತ್ತಿತ್ತು. ಪಟ್ಟಿ ಇದ್ದಿದ್ದು ನಿಯಮದಲ್ಲಿ ಅಂತ ನೆನಪಿಟ್ಕೊಳ್ಳಿ ಅಂದಿದ್ದೆ ನೋಡಿ. ಇದನ್ನ ಸರಿಪಡಿಸೋಕೆ ಕಾಯ್ದೆಯನ್ನೇ ತಿದ್ದಬೇಕಾಗಿರಲಿಲ್ಲ, ನಿಯಮ ತಿದ್ದುವ ಒಂದು ಅಧಿಸೂಚನೆ ಸಾಕಾಗಿತ್ತು.

ಸರಿ, ಸಿಟ್ಟಿನ ಇತಿಹಾಸ ಆಯ್ತು. ಈಗ ನಷ್ಟದ ಲೆಕ್ಕ. ಇದಕ್ಕೆ ನಮ್ಮ ಅಕ್ಕನ 2024-25ರ ಲೆಕ್ಕ ತಗೊಳ್ತೀನಿ, ಅವಳನ್ನ ಕೇಳೇ ತಗೊಂಡಿದ್ದೀನಿ. ವಿಜಯನಗರದಲ್ಲಿ ಬಾಡಿಗೆ ಮನೆ. ತಿಂಗಳಿಗೆ ಬೇಸಿಕ್ 40,000 ರೂಪಾಯಿ, ಎಚ್‌ಆರ್‌ಎ 20,000, ಸ್ಪೆಷಲ್ ಅಲೋಯನ್ಸ್ 30,000. ಬಾಡಿಗೆ 22,000. ಅವಳ ಕಂಪನಿಗೆ ಎಲ್ಲ ಊರಿನ ಆಫೀಸಿಗೂ ಒಂದೇ ಸಂಬಳದ ನಮೂನೆ, ಹಾಗಾಗಿ ಬೆಂಗಳೂರಲ್ಲೂ ಎಚ್‌ಆರ್‌ಎ ಬೇಸಿಕ್‌ನ ಅರ್ಧ.

ವರ್ಷಕ್ಕೆ ನೋಡೋಣ. ಮೊದಲ ಮೊತ್ತ, ಬಂದ ಎಚ್‌ಆರ್‌ಎ, 2,40,000. ಎರಡನೇದಕ್ಕೆ ಕಟ್ಟಿದ ಬಾಡಿಗೆ 2,64,000, ಅದರಲ್ಲಿ ಬೇಸಿಕ್ 4,80,000ದ ಹತ್ತನೇ ಒಂದು ಭಾಗ 48,000 ಕಳೀರಿ, ಉಳಿದಿದ್ದು 2,16,000. ಮೂರನೇದು ಬೇಸಿಕ್‌ನ ಶೇ 40, ಅಂದ್ರೆ 1,92,000. ಕಡಿಮೆ ಯಾವುದು? 1,92,000. ಅಷ್ಟಕ್ಕೆ ತೆರಿಗೆ ಇಲ್ಲ, ಉಳಿದ 48,000 ಎಚ್‌ಆರ್‌ಎ ಆದಾಯಕ್ಕೆ ಸೇರುತ್ತೆ.

ಇದೇ ಸಂಬಳ, ಇದೇ ಬಾಡಿಗೆ, ಆದ್ರೆ ಮನೆ ಚೆನ್ನೈಯಲ್ಲಿ ಅಂದುಕೊಳ್ಳಿ. ಮೂರನೇ ಮೊತ್ತ 2,40,000 ಆಗುತ್ತೆ. ಆಗ ಕಡಿಮೆ ಇರೋದು ಎರಡನೇದು, 2,16,000. ಎರಡು ಊರಿನ ನಡುವಿನ ವ್ಯತ್ಯಾಸ 24,000. ಅಕ್ಕ ಹಳೇ ಪದ್ಧತಿಯಲ್ಲಿ ಶೇ 20ರ ಹಂತದಲ್ಲಿದ್ದಾಳೆ, ಶೇ 4 ಸೆಸ್ ಸೇರಿಸಿದ್ರೆ ಬೆಂಗಳೂರಲ್ಲಿ ಇರೋದಕ್ಕೆ ಅವಳು ಹೆಚ್ಚಿಗೆ ಕಟ್ಟೋದು 4,992 ರೂಪಾಯಿ. ಅಂದ್ರೆ ಆ ನಾಲ್ಕು ಹೆಸರಿನ ಪಟ್ಟಿ ಅವಳಿಗೆ ವರ್ಷಕ್ಕೆ 5,000 ರೂಪಾಯಿಯ ಬಾಬ್ತು.

ಈಗ ಒಂದೇ ಒಂದು ಅಂಕಿ ಬದಲಿಸೋಣ. ಬಾಡಿಗೆ 22,000ದ ಬದಲು 18,000. ಎರಡನೇ ಮೊತ್ತ 2,16,000ದಲ್ಲಿ 48,000 ಕಳೆದು 1,68,000. ಬೆಂಗಳೂರಿನ ಶೇ 40ರ ಮಿತಿ 1,92,000, ಚೆನ್ನೈಯ ಶೇ 50ರ ಮಿತಿ 2,40,000. ಎರಡೂ ಕಡೆ ಕಡಿಮೆ ಇರೋದು 1,68,000ವೇ. ವ್ಯತ್ಯಾಸ ಸೊನ್ನೆ!

ನನಗೆ ಮೆಸೇಜ್ ಮಾಡೋರಲ್ಲಿ ಬಹಳ ಜನ ಗಮನಿಸದೇ ಇರೋ ವಿಷಯ ಇದು. ಶೇ 40ರ ಮಿತಿ ನಿಮ್ಮನ್ನ ಹಿಡಿಯಬೇಕು ಅಂದ್ರೆ ಎರಡು ಷರತ್ತು ಒಟ್ಟಿಗೆ ಕೂಡಿ ಬರಬೇಕು. ಬಾಡಿಗೆ ನಿಮ್ಮ ಬೇಸಿಕ್‌ನ ಅರ್ಧಕ್ಕಿಂತ ಹೆಚ್ಚಿರಬೇಕು, ಯಾಕಂದ್ರೆ ಅದರಲ್ಲಿ ಹತ್ತನೇ ಒಂದು ಭಾಗ ಕಳೆದ ಮೇಲೂ ಶೇ 40 ದಾಟಬೇಕಲ್ಲ. ಜೊತೆಗೆ ಕಂಪನಿ ಕೊಡೋ ಎಚ್‌ಆರ್‌ಎ ಕೂಡ ಬೇಸಿಕ್‌ನ ಶೇ 40ಕ್ಕಿಂತ ಹೆಚ್ಚಿರಬೇಕು. ನಿಮ್ಮ ಪೇ ಸ್ಲಿಪ್‌ನಲ್ಲಿ ಎಚ್‌ಆರ್‌ಎ ಸರಿಯಾಗಿ ಶೇ 40 ಇದ್ದರೆ, ಬೆಂಗಳೂರು ಪಟ್ಟಿಯಲ್ಲಿದ್ದರೂ ನಿಮಗೆ ಒಂದು ಪೈಸೆ ಲಾಭ ಇಲ್ಲ, ಮೊದಲನೇ ಮೊತ್ತವೇ ತಡೆಯುತ್ತೆ. ಹಾಗಾಗಿ ನಿಮ್ಮ ಸಿಟ್ಟು ನಿಯಮದ ಮೇಲಿರಬೇಕಾ, ಸಂಬಳ ವಿಂಗಡಿಸಿದ ರೀತಿಯ ಮೇಲಿರಬೇಕಾ ಅನ್ನೋದನ್ನ ಪೇ ಸ್ಲಿಪ್ ನೋಡಿಯೇ ತೀರ್ಮಾನ ಮಾಡಿ.

ಲೆಕ್ಕ ತಪ್ಪೋ ಇನ್ನೊಂದು ಜಾಗ ಇದೆ. ನಿಯಮ ಮಾತಾಡೋದು ಸಂಬಂಧಪಟ್ಟ ಅವಧಿಯ ಬಗ್ಗೆ, ಇಡೀ ವರ್ಷದ ಬಗ್ಗೆ ಅಲ್ಲ. ಬಾಡಿಗೆ, ಬೇಸಿಕ್, ಎಚ್‌ಆರ್‌ಎ, ಊರು ಈ ನಾಲ್ಕರಲ್ಲಿ ಯಾವುದೇ ಬದಲಾದ್ರೂ ಅಲ್ಲಿಂದ ಹೊಸ ಅವಧಿ ಶುರು, ಹೊಸದಾಗಿ ಮೂರು ಮೊತ್ತ. ಅಕ್ಕ ಮೊದಲ ಆರು ತಿಂಗಳು 18,000ದ ಮನೆಯಲ್ಲಿದ್ದು, ಆಮೇಲೆ 22,000ದ ಮನೆಗೆ ಹೋದಳು ಅಂದುಕೊಳ್ಳಿ. ಮೊದಲ ಮನೆಗೆ ತಿಂಗಳಿಗೆ ಕಡಿಮೆ ಮೊತ್ತ 14,000, ಎರಡನೇ ಮನೆಗೆ 16,000. ಆರಾರು ತಿಂಗಳಿಗೆ ಗುಣಿಸಿ ಕೂಡಿಸಿದ್ರೆ 1,80,000. ಅದೇ ವರ್ಷದ ಬಾಡಿಗೆಯನ್ನೆಲ್ಲ ಒಟ್ಟು ಹಾಕಿ 2,40,000 ಅಂತ ಹಿಡಿದು ಒಂದೇ ಸಲ ಲೆಕ್ಕ ಮಾಡಿದ್ರೆ 1,92,000 ಬರುತ್ತೆ. 12,000 ಹೆಚ್ಚು, ಮತ್ತು ಅದು ತಪ್ಪು. ನೀವು ಹಾಕಿದ ಅಂಕಿಗೂ ಫಾರ್ಮ್ 16ರಲ್ಲಿ ಕಂಪನಿ ತೋರಿಸಿದ ಅಂಕಿಗೂ ತಾಳೆ ಆಗದಿದ್ರೆ ಮೊದಲು ಇಲ್ಲಿ ಹುಡುಕಿ.

ಊರು ಅಂದ್ರೆ ಮನೆ ಇರೋ ಊರು, ಆಫೀಸು ಇರೋ ಊರಲ್ಲ. ದೆಹಲಿಯಲ್ಲಿ ಕೆಲಸ ಮಾಡ್ತಾ ಗುರುಗ್ರಾಮದಲ್ಲಿ ಬಾಡಿಗೆಗಿದ್ದರೆ ಶೇ 40 ಮಾತ್ರ.

ಇತಿಹಾಸಕ್ಕೆ ವಾಪಸ್ ಬರೋಣ. 1984ರಲ್ಲಿ ಸಂಸತ್ತು ಈ ಉಪವಿಧಿಗೆ ಒಂದು ವಿವರಣೆ ಸೇರಿಸಿತು, "ಸಂದೇಹ ನಿವಾರಣೆಗಾಗಿ" ಅಂತ ಹೇಳಿ. ಇರೋ ಮನೆ ಸ್ವಂತದ್ದಾಗಿದ್ದರೆ ವಿನಾಯಿತಿ ಇಲ್ಲ, ಬಾಡಿಗೆಯನ್ನು ನಿಜವಾಗಿ ಕಟ್ಟದೇ ಇದ್ದರೂ ಇಲ್ಲ. ಇದನ್ನ ಹಿಂದಿನ ದಿನಾಂಕದಿಂದ, 1976ರ ಏಪ್ರಿಲ್ 1ರಿಂದಲೇ ಅನ್ವಯ ಮಾಡಿದ್ರು. ಅಪ್ಪ ಅಮ್ಮನ ಮನೆಯಲ್ಲಿ ಇದ್ದುಕೊಂಡು ಅವರಿಗೆ ಬಾಡಿಗೆ ಕೊಡ್ತೀನಿ ಅನ್ನೋರ ಕಥೆ ನಿಂತಿರೋದು ಈ "ನಿಜವಾಗಿ" ಅನ್ನೋ ಮಾತಿನ ಮೇಲೆ. ಹಾಗೆ ಕೊಡೋದಕ್ಕೆ ಕಾನೂನು ಅಡ್ಡಿ ಮಾಡಲ್ಲ, ಮನೆ ಅವರ ಹೆಸರಲ್ಲಿದ್ದು ಅವರು ಅದನ್ನ ತಮ್ಮ ಆದಾಯ ಅಂತ ತೋರಿಸಬೇಕು ಅಷ್ಟೆ. ಆದ್ರೆ 2017ರಲ್ಲಿ ಮುಂಬೈಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಮುಂದೆ, ಅಮ್ಮನಿಗೆ ನಗದಲ್ಲಿ ಬಾಡಿಗೆ ಕೊಟ್ಟೆ ಅಂದ ಮಗಳೊಬ್ಬಳ ವಾದ ಬಿದ್ದುಹೋಯ್ತು, ದುಡ್ಡು ಕೈ ಬದಲಾಯಿಸಿದ್ದಕ್ಕೆ ನಂಬುವಂಥ ಪುರಾವೆ ಇರಲಿಲ್ಲ. ಕರಾರು ಪತ್ರ, ಬ್ಯಾಂಕ್ ಮೂಲಕ ಪಾವತಿ, ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದ್ರೆ ಕಂಪನಿಗೆ ಮನೆ ಮಾಲೀಕರ ಪ್ಯಾನ್. ಈ ಮೂರೂ ನಿಮ್ಮ ಹತ್ತಿರ ಇರಲಿ.

ಕೊನೇ ಅಧ್ಯಾಯ 2020ರದ್ದು. ಆ ವರ್ಷದ ಬಜೆಟ್‌ನಲ್ಲಿ ಹೊಸ ತೆರಿಗೆ ಪದ್ಧತಿ ಬಂತು: ದರ ಕಡಿಮೆ, ಆದ್ರೆ ಎಚ್‌ಆರ್‌ಎ ವಿನಾಯಿತಿ ಇಲ್ಲ. 2023-24ರಿಂದ ಅದೇ ಮೊದಲ ಆಯ್ಕೆ ಆಯ್ತು, ಹಳೇದು ಬೇಕಾದವರು ಕೇಳಿ ಪಡೀಬೇಕು. ವ್ಯಾಪಾರದ ಆದಾಯ ಇಲ್ಲದ ಸಂಬಳದಾರರು ಕೊನೇ ದಿನಾಂಕದೊಳಗೆ ರಿಟರ್ನ್ ಹಾಕಿದ್ರೆ ಅಲ್ಲೇ ಹಳೇ ಪದ್ಧತಿ ಆರಿಸಬಹುದು. ದಿನಾಂಕ ತಪ್ಪಿದ್ರೆ ಆ ಬಾಗಿಲು ಮುಚ್ಚಿತು, ಎಚ್‌ಆರ್‌ಎ ಲೆಕ್ಕವೂ ಅದರ ಜೊತೆಗೇ ಹೋಯ್ತು.

ಅಕ್ಕನ ವರ್ಷದ ಒಟ್ಟು ಸಂಬಳ 10,80,000. ವೃತ್ತಿ ತೆರಿಗೆಯ ಸಣ್ಣ ಕಡಿತವನ್ನ ಪಕ್ಕಕ್ಕಿಟ್ಟು 2024-25ರ ಲೆಕ್ಕ ನೋಡಿ. ಹಳೇ ಪದ್ಧತಿಯಲ್ಲಿ ಎಚ್‌ಆರ್‌ಎ 1,92,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿಯ ಪೂರ್ತಿ 1,50,000 ಕಳೆದ್ರೆ ಆದಾಯ 6,88,000. ಸೆಸ್ ಸೇರಿ ತೆರಿಗೆ 52,104. ಹೊಸ ಪದ್ಧತಿಯಲ್ಲಿ 75,000 ಮಾತ್ರ ಕಳೆದು 10,05,000, ತೆರಿಗೆ 52,780. ಹಳೇದರಿಂದ ಉಳಿಯೋದು 676 ರೂಪಾಯಿ! ಚೆನ್ನೈಯಲ್ಲಿದ್ದಿದ್ದರೆ ಹಳೇ ಪದ್ಧತಿಯ ತೆರಿಗೆ 47,112 ಆಗಿ, 5,668 ಉಳೀತಿತ್ತು.

2025-26ಕ್ಕೆ ಬನ್ನಿ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12,75,000ದವರೆಗೆ ತೆರಿಗೆ ಸೊನ್ನೆ. ಅಕ್ಕನಿಗೂ ಸೊನ್ನೆ, ಬೆಂಗಳೂರಲ್ಲಿದ್ದರೂ ಚೆನ್ನೈಯಲ್ಲಿದ್ದರೂ. ಅವಳ ಮಟ್ಟಿಗೆ ಮೂರು ಮೊತ್ತದ ಲೆಕ್ಕ 2024-25ರ ರಿಟರ್ನ್‌ಗೇ ಕೊನೆ. ಮುಂದೆ ಇದು ಉಳಿಯೋದು ಅದಕ್ಕಿಂತ ಸಾಕಷ್ಟು ಹೆಚ್ಚು ಸಂಬಳ, ದೊಡ್ಡ ಬಾಡಿಗೆ, ಜೊತೆಗೆ ಬೇರೆ ಕಡಿತಗಳೂ ಇರೋರಿಗೆ ಮಾತ್ರ.

ಬೆಂಗಳೂರಿನ ಸಾಮಾನ್ಯ ಬಾಡಿಗೆದಾರ ಪಟ್ಟಿಗೆ ಸೇರೋಕೆ ಇಷ್ಟು ವರ್ಷ ಬಾಗಿಲಲ್ಲಿ ಕಾದ. ಒಳಗೆ ಊಟವೇ ಮುಗೀತಾ ಬಂತು. ಪೇ ಸ್ಲಿಪ್ ತೆಗೀರಿ, ಮೂರು ಮೊತ್ತ ಬರೀರಿ, ಎರಡೂ ಪದ್ಧತಿಯಲ್ಲಿ ತೆರಿಗೆ ಹಾಕಿ ನೋಡಿ, ಕೊನೇ ದಿನಾಂಕದೊಳಗೆ ಸಲ್ಲಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.